ಅಟ್ಟದ ಮೇಲಿನ ಹೆಂಗಸು ಯಾಕೆ ಕಚ್ಚಿದಳು?

ಕಕ್ಕಡ ತಿಂಗಳ ಮಳೆ. ಸುಂಟಿಕೊಪ್ಪದ ಹತ್ತಿರ ಗೆಳತಿಯ ಮನೆಯ ಜಗಲಿಯಲ್ಲಿ ನಾವು ಏಳು ಜನ ಕೂತಿದ್ದೆವು. ಕರೆಂಟು ಮಧ್ಯಾಹ್ನವೇ ಹೋಗಿತ್ತು. ತಿಂಗಳಿಗೊಂದು ಕಾದಂಬರಿ ಓದಿಕೊಂಡು ಬಂದು ಮಾತಾಡುವುದು ನಮ್ಮ ರೂಢಿ. ಆ ಸಲ ಎರಡು ಓದಿಕೊಂಡು ಬನ್ನಿ ಎಂದು ನಾನೇ ಹಟ ಹಿಡಿದಿದ್ದೆ. ಒಂದು, ಶಾರ್ಲೆಟ್ ಬ್ರಾಂಟೆ 1847ರಲ್ಲಿ ಪ್ರಕಟಿಸಿದ ‘ಜೇನ್ ಐರ್’. ಇನ್ನೊಂದು, ಜೀನ್ ರೀಸ್ 1966ರಲ್ಲಿ ಪ್ರಕಟಿಸಿದ ‘ವೈಡ್ ಸರ್ಗಾಸೊ ಸೀ’.

“ಎರಡೆರಡು ಯಾಕಕ್ಕ? ನಮ್ಮ ಗದ್ದೆ ನಾಟಿಯೇ ಇನ್ನೂ ಮುಗಿದಿಲ್ಲ” ಎಂದು ಒಬ್ಬಳು ಗೊಣಗಿದ್ದಳು. ಎರಡನೆಯದು ಸಣ್ಣದು, ಮೊದಲನೆಯದಕ್ಕೆ ಉತ್ತರವಾಗಿ ಬರೆದದ್ದು ಎಂದು ಸಮಾಧಾನ ಮಾಡಿದ್ದೆ. ‘ಉತ್ತರ’ ಎಂದರೇನು ಎಂದು ಅವಳು ಕೇಳಿದಳು. ಅದನ್ನೇ ಇಲ್ಲಿ ಬಿಡಿಸಿ ಹೇಳಲು ನೋಡುತ್ತೇನೆ. ಅದಕ್ಕೆ ಒಂದೇ ಒಂದು ಘಟನೆ ಸಾಕು. ಒಬ್ಬ ಹೆಂಗಸು ಒಬ್ಬ ಗಂಡಸಿನ ಭುಜ ಕಚ್ಚುತ್ತಾಳೆ. ಎರಡೂ ಪುಸ್ತಕಗಳಲ್ಲಿ ಅವಳು ಕಚ್ಚುತ್ತಾಳೆ.

ಮೊದಲು ‘ಜೇನ್ ಐರ್’ ಕಥೆ, ಓದದವರಿಗಾಗಿ. ಜೇನ್ ತಂದೆತಾಯಿ ಇಲ್ಲದ ಹುಡುಗಿ. ಥಾರ್ನ್‌ಫೀಲ್ಡ್ ಎಂಬ ದೊಡ್ಡ ಮನೆಗೆ ಪಾಠ ಹೇಳುವ ಕೆಲಸಕ್ಕೆ ಬರುತ್ತಾಳೆ. ಮನೆಯ ಯಜಮಾನ ರಾಚೆಸ್ಟರ್. ಇಬ್ಬರಿಗೂ ಪ್ರೀತಿಯಾಗುತ್ತದೆ. ಮೂರನೇ ಮಹಡಿಯಿಂದ ಆಗಾಗ ವಿಚಿತ್ರ ನಗು ಕೇಳಿಸುತ್ತದೆ. ಮದುವೆಗೆಂದು ಚರ್ಚಿನಲ್ಲಿ ನಿಂತಾಗ ಒಬ್ಬ ವಕೀಲ ಎದ್ದು, ಈತನಿಗೆ ಆಗಲೇ ಹೆಂಡತಿ ಇದ್ದಾಳೆ, ಬದುಕಿದ್ದಾಳೆ, ಆ ಮನೆಯಲ್ಲೇ ಇದ್ದಾಳೆ ಎನ್ನುತ್ತಾನೆ. ಹದಿನೈದು ವರ್ಷದ ಹಿಂದೆ ಜಮೈಕಾ ದ್ವೀಪದಲ್ಲಿ ಮದುವೆಯಾಗಿತ್ತು. ಅವಳೇ ಬರ್ತಾ. ಹುಚ್ಚಿ ಎಂದು ಮೇಲೆ ಕೂಡಿಟ್ಟಿದ್ದಾರೆ, ಗ್ರೇಸ್ ಪೂಲ್ ಎಂಬ ಕಾವಲಿನವಳನ್ನೂ ಇಟ್ಟಿದ್ದಾರೆ.

ಕಚ್ಚುವ ಪ್ರಸಂಗ ಬರುವುದು ಈ ಗುಟ್ಟು ರಟ್ಟಾಗುವುದಕ್ಕೂ ಮೊದಲು, ಇಪ್ಪತ್ತನೇ ಅಧ್ಯಾಯದಲ್ಲಿ. ಜಮೈಕಾದಿಂದ ರಿಚರ್ಡ್ ಮೇಸನ್ ಎಂಬ ಅತಿಥಿ ಬಂದಿದ್ದಾನೆ. ನಡುರಾತ್ರಿ ಮೇಲಿನಿಂದ ಚೀತ್ಕಾರ. ಕೆಲಸದವಳಿಗೆ ಕೆಟ್ಟ ಕನಸು ಬಿದ್ದಿದೆ ಎಂದು ರಾಚೆಸ್ಟರ್ ಉಳಿದವರನ್ನು ಮಲಗಲು ಕಳಿಸುತ್ತಾನೆ. ಜೇನ್ ಒಬ್ಬಳೇ ಮೇಸನ್‌ನ ರಕ್ತ ಒರೆಸುತ್ತಾ ಕೂರುತ್ತಾಳೆ. ಡಾಕ್ಟರ್ ಬಂದು ಗಾಯ ನೋಡಿ, ಇಲ್ಲಿ ಚಾಕು ಮಾತ್ರವಲ್ಲ, ಹಲ್ಲೂ ತಾಗಿದೆ ಎನ್ನುತ್ತಾರೆ. ಹೆಣ್ಣುಹುಲಿಯ ಹಾಗೆ ಬಿದ್ದಳು, ನನ್ನ ಎದೆಯ ರಕ್ತ ಬಸಿಯುತ್ತೇನೆ ಎಂದಳು ಎಂದು ಮೇಸನ್ ಹೇಳುತ್ತಾನೆ.

ಆ ಕೊನೆಯ ಮಾತನ್ನು ಸ್ವಲ್ಪ ಹಿಡಿದುಕೊಳ್ಳಿ. ದಪ್ಪ ಕಾದಂಬರಿ ಇದು. ಅದರಲ್ಲಿ ಬರ್ತಾ ಆಡಿದ್ದೆಂದು ನಮಗೆ ಸಿಗುವ ಮಾತು ಅದೊಂದೇ. ಅದೂ ಅವಳ ಬಾಯಿಂದಲ್ಲ, ಏಟು ತಿಂದವನ ಬಾಯಿಂದ. ಉಳಿದಂತೆ ಅವಳು ನಗುತ್ತಾಳೆ, ಕಿರುಚುತ್ತಾಳೆ, ಗುರುಗುಡುತ್ತಾಳೆ. ನಾಲ್ಕು ಕಾಲಿನ ಮೇಲೆ ಓಡಾಡುತ್ತಿದ್ದದ್ದು ಮನುಷ್ಯರೋ ಪ್ರಾಣಿಯೋ ತಕ್ಷಣ ತಿಳಿಯಲಿಲ್ಲ ಎಂದು ಜೇನ್ ಬರೆಯುತ್ತಾಳೆ. ಮೇಸನ್ ಅವಳ ಅಣ್ಣನೋ ತಮ್ಮನೋ ಎಂಬುದು ನಮಗೆ ಗೊತ್ತಾಗುವುದು ಆಮೇಲೆ. ಒಡಹುಟ್ಟಿದವನನ್ನೇ ಯಾಕೆ ಕಚ್ಚಿದಳು? ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಹುಚ್ಚಿ, ಅದಕ್ಕೇ ಕಚ್ಚಿದಳು. ನಾನು ಕಾಲೇಜಿನಲ್ಲಿ ಓದಿದಾಗ ನನಗೂ ಕೇಳಬೇಕು ಅನ್ನಿಸಿರಲಿಲ್ಲ.

ರೀಸ್ ಕಾದಂಬರಿಯಲ್ಲಿ ಇದೇ ರಾತ್ರಿ ಮೂರನೇ ಭಾಗದಲ್ಲಿ ಬರುತ್ತದೆ. ಈಗ ನಾವು ಬಾಗಿಲಿನ ಒಳಗಿದ್ದೇವೆ. ಹೇಳುತ್ತಿರುವವಳು ಅಟ್ಟದ ಮೇಲಿನ ಹೆಂಗಸೇ. ಅವಳಿಗೆ ನಿನ್ನೆ ರಾತ್ರಿ ಏನು ನಡೆಯಿತೆಂದು ನೆನಪಿಲ್ಲ. ಗ್ರೇಸ್ ಪೂಲ್ ನೆನಪಿಸುತ್ತಾಳೆ. ನಿನ್ನನ್ನು ನೋಡಲು ಬಂದಿದ್ದರು, ಅವರ ಮಾತೆಲ್ಲ ನನಗೆ ಕೇಳಿಸಲಿಲ್ಲ, ‘ನಿನ್ನ ಮತ್ತು ನಿನ್ನ ಗಂಡನ ನಡುವೆ ಕಾನೂನು ಪ್ರಕಾರ ನಾನು ಬರುವ ಹಾಗಿಲ್ಲ’ ಎಂದದ್ದಷ್ಟೇ ಕೇಳಿಸಿತು. ‘ಕಾನೂನು ಪ್ರಕಾರ’ ಎಂದಾಗಲೇ ನೀನು ಅವರ ಮೇಲೆ ಬಿದ್ದೆ. ಚಾಕು ತಿರುಚಿ ಕಿತ್ತುಕೊಂಡಾಗ ಕಚ್ಚಿದೆ.

ಅದೇ ರಾತ್ರಿ, ಅದೇ ಮನುಷ್ಯ, ಅದೇ ಚಾಕು, ಅದೇ ಹಲ್ಲು. ಬ್ರಾಂಟೆ ಬರೆದ ಒಂದು ಏಟನ್ನೂ ರೀಸ್ ಅಳಿಸಿಲ್ಲ. ಸೇರಿಸಿದ್ದು ಏಟಿಗೆ ಮುಂಚೆ ಬಿದ್ದ ಒಂದು ಮಾತನ್ನು ಮಾತ್ರ. ಅದರಿಂದ ಕಚ್ಚುವುದಕ್ಕೆ ಕಾರಣ ಸಿಕ್ಕಿತು. ಕಾರಣ ಸಿಕ್ಕಿದ ಮೇಲೆ ಮೊದಲ ಪುಸ್ತಕದ ಆ ಪುಟಕ್ಕೆ ವಾಪಸು ಹೋದರೆ ಅದು ಬೇರೆ ಥರ ಕಾಣುತ್ತದೆ. ಮೇಸನ್ ರಕ್ತ ಸುರಿಸುತ್ತಾ ತಾನು ಏಟು ತಿಂದದ್ದನ್ನು ಹೇಳುತ್ತಾನೆ. ಅದಕ್ಕೆ ಮುಂಚೆ ತಾನೇನು ಹೇಳಿದೆ ಎಂಬುದನ್ನು ಹೇಳುವುದೇ ಇಲ್ಲ. ಆ ಜಾಗ ಬ್ರಾಂಟೆಯ ಪುಸ್ತಕದಲ್ಲಿ ಮೊದಲಿಂದಲೂ ಖಾಲಿಯೇ ಇತ್ತು. ಖಾಲಿ ಎಂದು ಕಾಣಲು ನೂರಾ ಹತ್ತೊಂಬತ್ತು ವರ್ಷದ ನಂತರದ ಇನ್ನೊಂದು ಪುಸ್ತಕ ಬೇಕಾಯಿತು.

ಹೀಗೆ ಒಂದು ಬರಹದ ಅರ್ಥ ಇನ್ನೊಂದು ಬರಹದ ಜೊತೆಗಿನ ಸಂಬಂಧದಿಂದ ಹುಟ್ಟುವುದನ್ನು ಅಂತರ್‌ಪಠ್ಯತೆ ಎನ್ನುತ್ತಾರೆ. 1960ರ ದಶಕದ ಕೊನೆಗೆ ಜೂಲಿಯಾ ಕ್ರಿಸ್ತೆವಾ ಎಂಬ ಚಿಂತಕಿ ಈ ಮಾತನ್ನು ಫ್ರೆಂಚಿನಲ್ಲಿ ಚಾಲ್ತಿಗೆ ತಂದರು. ಅವರ ಅರ್ಥ ಇನ್ನೂ ಅಗಲವಾದದ್ದು. ಎಲ್ಲ ಬರಹವೂ ಬೇರೆ ಬರಹಗಳಿಂದಲೇ ನೇಯ್ದದ್ದು ಎಂಬುದು ಅವರ ವಾದ. ನಮಗೆ ಇಲ್ಲಿ ಅಷ್ಟು ದೂರ ಹೋಗುವುದು ಬೇಕಿಲ್ಲ.

ಕನ್ನಡದವರಿಗೆ ಇದು ಹೊಸದೂ ಅಲ್ಲ ಬಿಡಿ. 941ರಲ್ಲಿ ಪಂಪ ವ್ಯಾಸಭಾರತವನ್ನು ಕನ್ನಡಕ್ಕೆ ತಂದಾಗ ದ್ರೌಪದಿಯನ್ನು ಅರ್ಜುನನಿಗೆ ಮಾತ್ರ ಮದುವೆ ಮಾಡಿಸಿದ. ವ್ಯಾಸರ ಕಥೆ ಗೊತ್ತಿಲ್ಲದವರಿಗೆ ಅದು ಬರೀ ಒಂದು ಮದುವೆ. ಗೊತ್ತಿದ್ದವರಿಗೆ, ಐವರಲ್ಲಿ ನಾಲ್ವರು ಎಲ್ಲಿ ಹೋದರು ಎಂಬ ಪ್ರಶ್ನೆ. ಅರ್ಜುನನನ್ನು ತನ್ನ ದೊರೆ ಅರಿಕೇಸರಿಯ ಜೊತೆ ಒಂದಾಗಿಸಬೇಕಾಗಿತ್ತು, ದೊರೆಯ ಹೆಂಡತಿಯನ್ನು ಹಂಚಲು ಆಗುವುದಿಲ್ಲ ಅಲ್ವಾ? ಪಂಪನ ಮನಸ್ಸು ನಮಗೆ ಸಿಗುವುದು ಅವನು ಉಳಿಸಿಕೊಂಡ ಕಡೆಗಿಂತ ಬದಲಿಸಿದ ಕಡೆಯಲ್ಲಿ.

ರೀಸ್‌ಳನ್ನೂ ಹಾಗೇ ಓದಬೇಕು. ಹೋಲಿಕೆಗಳ ಪಟ್ಟಿ ಮಾಡುವುದು ಸುಲಭ. ಮೋಂಬತ್ತಿ ಇಲ್ಲೂ ಇದೆ, ಅಲ್ಲೂ ಇದೆ. ಬೆಂಕಿ ಇಲ್ಲೂ ಇದೆ, ಅಲ್ಲೂ ಇದೆ. ಮೊದಲ ಸಲ ಎರಡು ಪುಸ್ತಕ ಒಟ್ಟಿಗೆ ಓದುವವರೆಲ್ಲ ಇಲ್ಲೇ ಎಡವುತ್ತಾರೆ. ಪಟ್ಟಿ ಉದ್ದವಾಗುತ್ತದೆ, ಅರ್ಥ ಮಾತ್ರ ಮುಂದೆ ಹೋಗುವುದಿಲ್ಲ. ಹಳೆಯ ಪುಸ್ತಕದಲ್ಲಿ ಹೀಗಿದ್ದದ್ದನ್ನು ಇವಳು ಯಾಕೆ ಹಾಗೆ ಮಾಡಿದಳು ಎಂದು ಕೇಳಿದ ಮೇಲೆಯೇ ದಾರಿ ತೆರೆದುಕೊಳ್ಳುವುದು.

ಹೆಸರನ್ನೇ ನೋಡಿ. ಬ್ರಾಂಟೆಯ ಪುಸ್ತಕದಲ್ಲಿ ವಕೀಲ ಓದುವ ದಾಖಲೆಯಲ್ಲಿ ಹೆಂಡತಿಯ ಪೂರ್ತಿ ಹೆಸರು ಬರುತ್ತದೆ: ಬರ್ತಾ ಆಂಟೊನೆಟಾ ಮೇಸನ್. ನಡುವಿನ ಆ ಹೆಸರು ಒಮ್ಮೆ ಬಂದು ಮಾಯವಾಗುತ್ತದೆ. ರೀಸ್ ಅದನ್ನೇ ಎತ್ತಿಕೊಂಡು ತನ್ನ ನಾಯಕಿಗೆ ಆಂಟೊನೆಟ್ ಎಂದು ಹೆಸರಿಟ್ಟಳು. ಹಾಗಾದರೆ ಬರ್ತಾ ಎಲ್ಲಿಂದ ಬಂತು? ಗಂಡ ಇಟ್ಟದ್ದು. ಅವಳ ತಾಯಿಯ ಹೆಸರು ಆನೆಟ್. ತಾಯಿಗೆ ಹುಚ್ಚಿತ್ತು ಎಂದು ಯಾರೋ ಕಿವಿಯೂದಿದ ಮೇಲೆ ಅವನು ಹೆಂಡತಿಯನ್ನು ಬರ್ತಾ ಎಂದು ಕರೆಯಲು ಶುರು ಮಾಡುತ್ತಾನೆ. ಅದು ನನ್ನ ಹೆಸರಲ್ಲ, ನನ್ನನ್ನು ಬೇರೆ ಯಾರನ್ನೋ ಮಾಡಲು ಹೊರಟಿದ್ದೀಯ, ಇದೂ ಒಂದು ಮಾಟವೇ ಎನ್ನುತ್ತಾಳೆ ಅವಳು. ತಮಾಷೆಯೆಂದರೆ ಈ ಕಾದಂಬರಿಯಲ್ಲಿ ಗಂಡನಿಗೆ ಹೆಸರೇ ಇಲ್ಲ. ರಾಚೆಸ್ಟರ್ ಎಂಬ ಪದ ಒಮ್ಮೆಯೂ ಬರುವುದಿಲ್ಲ. ಹೆಸರು ಕಿತ್ತುಕೊಂಡವನ ಹೆಸರನ್ನು ಲೇಖಕಿ ಕಿತ್ತುಕೊಂಡಿದ್ದಾಳೆ. ಅವನು ಯಾರೆಂದು ಗೊತ್ತಾಗಬೇಕಾದರೆ ನಾವು ‘ಜೇನ್ ಐರ್’ ಓದಿರಬೇಕು.

ಇಲ್ಲಿಗೆ ಬಂದಾಗ ನಮ್ಮ ಗುಂಪಿನ ಹಿರಿಯರೊಬ್ಬರು, ನನ್ನ ತಾಯಿಗೂ ಮದುವೆಯ ದಿನ ಗಂಡನ ಮನೆಯವರು ಬೇರೆ ಹೆಸರಿಟ್ಟಿದ್ದರು ಎಂದರು. ಅಕ್ಕಿಯ ಮೇಲೆ ಉಂಗುರದಲ್ಲಿ ಬರೆಸಿದ್ದರಂತೆ. ತವರಿನವರು ಕೊನೆಯವರೆಗೂ ಹಳೆಯ ಹೆಸರಿನಲ್ಲೇ ಕರೆದರಂತೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಎರಡನೇ ಬದಲಾವಣೆ ರಕ್ತಸಂಬಂಧದ್ದು. ಮದುವೆ ಮುರಿದ ದಿನ ರಾಚೆಸ್ಟರ್ ಎಲ್ಲರೆದುರು ಸಾರುತ್ತಾನೆ: ಅವಳದು ಹುಚ್ಚಿನ ಮನೆತನ, ಮೂರು ತಲೆಮಾರಿನಿಂದ ಹಾಗೇ, ತಾಯಿ ಹುಚ್ಚಿಯೂ ಹೌದು ಕುಡುಕಿಯೂ ಹೌದು. ಆ ತಾಯಿ ಕ್ರಿಯೋಲ್, ಅಂದರೆ ಇಲ್ಲಿ ದ್ವೀಪದಲ್ಲೇ ಹುಟ್ಟಿ ಬೆಳೆದ ಬಿಳಿಯವಳು. ಬ್ರಾಂಟೆಯಲ್ಲಿ ಹುಚ್ಚು ರಕ್ತದಲ್ಲಿ ಹರಿದು ಬರುತ್ತದೆ, ಅಲ್ಲಿಗೆ ವಿಚಾರಣೆ ಮುಗಿಯಿತು. ರೀಸ್ ತಾಯಿಯ ಹುಚ್ಚನ್ನು ಅಲ್ಲಗಳೆಯುವುದಿಲ್ಲ. ಅದು ಯಾವ ದಿನ ಶುರುವಾಯಿತು ಎಂದು ತೋರಿಸುತ್ತಾಳೆ. ಗುಲಾಮಗಿರಿಯಿಂದ ಬಿಡುಗಡೆಯಾದ ಜನ ಕೂಲಿಬ್ರಿ ಎಂಬ ಅವರ ತೋಟದ ಮನೆಗೆ ಬೆಂಕಿ ಹಚ್ಚುತ್ತಾರೆ. ಕಾಯಿಲೆಯ ಮಗ ಆ ರಾತ್ರಿಯ ಕಾರಣದಿಂದ ಸಾಯುತ್ತಾನೆ. ತಾಯಿಯ ಮನಸ್ಸು ಆಗ ಒಡೆಯುತ್ತದೆ. ಇಲ್ಲಿಂದ ಹೋಗಿಬಿಡೋಣ ಎಂದು ಅವಳು ಮೊದಲೇ ಎಷ್ಟೋ ಸಲ ಗಂಡನನ್ನು ಬೇಡಿಕೊಂಡಿದ್ದಳು, ಅವನು ನಕ್ಕು ಸುಮ್ಮನಾಗಿದ್ದ.

ಆ ಗಂಡನೇ ಮೇಸನ್, ಆಂಟೊನೆಟ್‌ಳ ಮಲತಂದೆ. ಬ್ರಾಂಟೆಯಲ್ಲಿ ಮೇಸನ್ ಅವಳ ಸ್ವಂತ ತಂದೆ. ಸಣ್ಣ ಬದಲಾವಣೆ ಅನ್ನಿಸಬಹುದು. ಇದರಿಂದ ರಿಚರ್ಡ್ ಅವಳ ಒಡಹುಟ್ಟಿದವನಾಗಿ ಉಳಿಯುವುದಿಲ್ಲ, ಮಲತಂದೆಯ ಮಗನಾಗುತ್ತಾನೆ. ಅವಳ ಮದುವೆ ಕುದುರಿಸಿದವನು, ಹಣ ದಾಟಿಸಿದವನು ಅವನೇ. ಮದುವೆಗೆ ಬಂದ ಮೂವತ್ತು ಸಾವಿರ ಪೌಂಡು ಎರಡೂ ಪುಸ್ತಕದಲ್ಲಿ ಇದೆ, ಮೊತ್ತ ಕೂಡ ಬದಲಾಗಿಲ್ಲ. ಬ್ರಾಂಟೆಯಲ್ಲಿ ರಾಚೆಸ್ಟರ್ ಅದನ್ನು ಅಪ್ಪ ತನಗೆ ಮಾಡಿದ ಮೋಸವಾಗಿ ಹೇಳಿಕೊಳ್ಳುತ್ತಾನೆ. ರೀಸ್‌ಳಲ್ಲಿ ಅವನು ಮನಸ್ಸಿನಲ್ಲೇ ಅಪ್ಪನಿಗೆ ಕಾಗದ ಬರೆಯುತ್ತಾನೆ: ಹಣ ಯಾವ ಷರತ್ತೂ ಇಲ್ಲದೆ ನನಗೆ ಸಂದಿದೆ, ಅವಳ ಹೆಸರಿಗೆ ಏನನ್ನೂ ಇಟ್ಟಿಲ್ಲ. ಆಗಿನ ಇಂಗ್ಲಿಷ್ ಕಾನೂನಿನಲ್ಲಿ ಹೆಂಡತಿಯ ಹಣ ಗಂಡನದು. ಅದು ಬದಲಾಗಲು ಶುರುವಾದದ್ದು 1870ರ ಕಾಯಿದೆಯಿಂದ. ಗಂಡನನ್ನು ಬಿಟ್ಟು ಹೋಗು ಎಂದು ಅವಳನ್ನು ಸಾಕಿದ ಕ್ರಿಸ್ಟೊಫೀನ್ ಹೇಳಿದಾಗ, ನನ್ನದು ಅನ್ನುವುದು ಏನೂ ಉಳಿದಿಲ್ಲ, ಎಲ್ಲ ಅವನದೇ, ಕಾನೂನೇ ಹಾಗಿದೆ ಎನ್ನುತ್ತಾಳೆ.

ಈಗ ಕಚ್ಚುವ ರಾತ್ರಿಗೆ ಮತ್ತೆ ಹೋಗಿ. ರಿಚರ್ಡ್ ಆಡಿದ ಪದ ‘ಕಾನೂನು’. ಹಣ ಕೊಡುವಾಗ ಕಾನೂನಿನ ಕಾಗದದಲ್ಲಿ ಅವಳ ಹೆಸರಿಗೆ ಒಂದು ಸಾಲು ಬರೆಸದವನು ಈಗ ಬಂದು, ಕಾನೂನು ಪ್ರಕಾರ ನನ್ನ ಕೈಯಲ್ಲಿ ಏನೂ ಇಲ್ಲ ಎನ್ನುತ್ತಾನೆ. ನಮ್ಮ ಗೊಣಗುವ ಗೆಳತಿ ಅಲ್ಲಿಗೆ, “ನಾನಾದ್ರೂ ಕಚ್ತಿದ್ದೆ” ಎಂದಳು.

ಮೂರನೆಯದು ಕಾಲ. ಇದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, ಯಾಕೆಂದರೆ ಇಲ್ಲಿ ಲೆಕ್ಕ ತಪ್ಪುತ್ತದೆ. ‘ಜೇನ್ ಐರ್’ ಕಥೆಯ ಕೊನೆಯ ಭಾಗದಲ್ಲಿ ಒಬ್ಬರು ಜೇನ್‌ಗೆ ಆಗತಾನೆ ಬಂದ ಹೊಸ ಪುಸ್ತಕವೆಂದು ಸ್ಕಾಟ್ ಕವಿಯ ‘ಮಾರ್ಮಿಯನ್’ ಕೊಡುತ್ತಾರೆ. ಅದು ಅಚ್ಚಾದದ್ದು 1808ರಲ್ಲಿ. ಆ ಸುಳಿವು ಹಿಡಿದು ಹದಿನೈದು ವರ್ಷ ಹಿಂದಕ್ಕೆ ಹೋದರೆ ಬರ್ತಾಳ ಮದುವೆ 1790ರ ದಶಕದ್ದು. ರೀಸ್‌ಳ ಕಾದಂಬರಿ ಶುರುವಾಗುವುದೇ ಬ್ರಿಟಿಷರ ಗುಲಾಮಗಿರಿ ರದ್ದತಿ ಕಾಯಿದೆಯ ನಂತರ. ಕಾಯಿದೆ ಪಾಸಾದದ್ದು 1833ರಲ್ಲಿ, ಜಾರಿಗೆ ಬಂದದ್ದು 1834ರ ಆಗಸ್ಟ್ 1ಕ್ಕೆ. ಆಂಟೊನೆಟ್ ಆಗ ಇನ್ನೂ ಚಿಕ್ಕ ಹುಡುಗಿ. ಅಂದರೆ ರೀಸ್ ಕಥೆಯನ್ನು ಸುಮಾರು ನಲವತ್ತು ವರ್ಷ ಮುಂದಕ್ಕೆ ತಳ್ಳಿದ್ದಾಳೆ.

ಹಾಗಾಗಿ ಇದನ್ನು ‘ಜೇನ್ ಐರ್‌ನ ಹಿಂದಿನ ಕಥೆ’ ಎಂದುಬಿಡುವುದು ಅಷ್ಟು ಸರಿಯಲ್ಲ. ಹಿಂದಿನ ಕಥೆಯಾಗಿದ್ದರೆ ತಾರೀಖು ಕೂಡಿಬರಬೇಕಿತ್ತು. ರೀಸ್‌ಗೆ ಬೇಕಾಗಿದ್ದದ್ದು 1834. ರದ್ದತಿ ಕಾಯಿದೆಯಲ್ಲೇ ಗುಲಾಮರ ಒಡೆಯರಿಗೆ ಪರಿಹಾರವೆಂದು ಬ್ರಿಟಿಷ್ ಸರ್ಕಾರ ಎರಡು ಕೋಟಿ ಪೌಂಡು ಎತ್ತಿಟ್ಟಿತ್ತು. ಬಿಡುಗಡೆಯಾದವರಿಗೆ ಏನೂ ಇಲ್ಲ. ಕಾದಂಬರಿಯ ಮೊದಲ ಪುಟದಲ್ಲೇ ನೆರೆಯ ತೋಟದವನೊಬ್ಬ ಆ ಪರಿಹಾರಕ್ಕೆ ಕಾದು ಕಾದು, ಒಂದು ಸಂಜೆ ತನ್ನ ನಾಯಿಗೆ ಗುಂಡಿಟ್ಟು ಸಮುದ್ರಕ್ಕೆ ಈಜಿ ಹೋಗಿಬಿಡುತ್ತಾನೆ. ಪಾಳುಬಿದ್ದ ತೋಟ, ದ್ವೇಷಿಸುವ ನೆರೆ, ಇಂಗ್ಲೆಂಡಿನಿಂದ ಬಂದ ಹೊಸ ಹಣ. ಮೂವತ್ತು ಸಾವಿರ ಪೌಂಡಿನ ಹಿಂದೆ ಏನಿತ್ತು ಎಂದು ಬ್ರಾಂಟೆ ಕೇಳಿರಲಿಲ್ಲ. ರೀಸ್ ತಾರೀಖು ಬದಲಿಸಿ ಕೇಳಿದಳು. ಅವಳಿಗೆ ಅದು ಮನೆಯ ವಿಷಯವೂ ಹೌದು. ಅವಳು 1890ರಲ್ಲಿ ಡೊಮಿನಿಕಾ ದ್ವೀಪದಲ್ಲಿ ಹುಟ್ಟಿದವಳು, ತಾಯಿಯ ಕಡೆಯವರು ತೋಟದ ಒಡೆಯರು.

1834 ಎಂದ ಕೂಡಲೇ ಜಗಲಿಯಲ್ಲಿ ಗದ್ದಲ. ನಮಗೆ ಅದು ಮರೆಯುವ ವರ್ಷವಲ್ಲ. ಕಂಪನಿ ಸರ್ಕಾರ ಚಿಕ್ಕವೀರರಾಜನನ್ನು ಇಳಿಸಿ ಕೊಡಗನ್ನು ತೆಗೆದುಕೊಂಡ ವರ್ಷ. ಒಬ್ಬರು ರಾಜನ ಮಗಳು ಗೌರಮ್ಮನ ಮಾತು ತೆಗೆದರು. 1852ರಲ್ಲಿ ತಂದೆ ಅವಳನ್ನು ಇಂಗ್ಲೆಂಡಿಗೆ ಕರೆದುಕೊಂಡು ಹೋದ. ಅವಳನ್ನು ಕ್ರೈಸ್ತಳನ್ನಾಗಿ ಮಾಡಿದರು, ರಾಣಿಯ ಹೆಸರನ್ನೇ ಇಟ್ಟು ವಿಕ್ಟೋರಿಯಾ ಗೌರಮ್ಮ ಎಂದರು. ಇಂಗ್ಲಿಷ್ ಅಧಿಕಾರಿಯೊಬ್ಬನನ್ನು ಮದುವೆಯಾದಳು. 1864ರಲ್ಲಿ, ಇಪ್ಪತ್ತಮೂರರ ಆಸುಪಾಸಿನಲ್ಲಿ, ಅಲ್ಲೇ ತೀರಿಕೊಂಡಳು. “ದೂರದ ಬಿಸಿಲಿನ ನಾಡಿನ ಹುಡುಗಿ, ಹೊಸ ಹೆಸರು, ಇಂಗ್ಲೆಂಡಿನ ಚಳಿ. ಇವಳೇ ನಮ್ಮ ಆಂಟೊನೆಟ್ ಅಲ್ವಾ?” ಎಂದು ಕೇಳಿದರು.

ಇಲ್ಲ ಎಂದು ಹೇಳಬೇಕಾಯಿತು, ಹೇಳುವಾಗ ನನಗೂ ಬೇಸರವಾಯಿತು. ಗೌರಮ್ಮ ಇಂಗ್ಲೆಂಡಿಗೆ ಹೋದದ್ದು ‘ಜೇನ್ ಐರ್’ ಬಂದು ಐದು ವರ್ಷವಾದ ಮೇಲೆ, ಹಾಗಾಗಿ ಬ್ರಾಂಟೆಯ ಮಾತೇ ಬರುವುದಿಲ್ಲ. ರೀಸ್ ಅವಳನ್ನು ನೆನೆದದ್ದಕ್ಕೆ ಕಾದಂಬರಿಯೊಳಗೆ ಒಂದು ಗುರುತೂ ಇಲ್ಲ. ಹೆಸರಿಲ್ಲ, ಘಟನೆಯಿಲ್ಲ, ಯಾವ ಮಾತಿನ ತುಣುಕೂ ಇಲ್ಲ. ‘ಜೇನ್ ಐರ್’ ಜೊತೆಗಿನ ಸಂಬಂಧ ಹಾಗಲ್ಲ. ಆಂಟೊನೆಟಾ ಎಂಬ ಹೆಸರು, ಮೂವತ್ತು ಸಾವಿರ, ಗ್ರೇಸ್ ಪೂಲ್, ಕಚ್ಚಿದ ಗಾಯ, ಎಲ್ಲ ಪುಟದ ಮೇಲೇ ಇದೆ, ಬೆರಳಿಟ್ಟು ತೋರಿಸಬಹುದು. ಗೌರಮ್ಮನ ನೆನಪು ಬಂದದ್ದು ಓದುಗರಿಗೆ, ಮಡಿಕೇರಿಯ ಗದ್ದಿಗೆ ನೋಡುತ್ತಾ ಬೆಳೆದವರಿಗೆ. ಆ ನೆನಪು ತಪ್ಪಲ್ಲ. ಅದು ಇಬ್ಬರನ್ನೂ ಒಂದೇ ಸಾಮ್ರಾಜ್ಯದ ಕಥೆಯೊಳಗೆ ಇಟ್ಟು ನೋಡಲು ಬಿಡುತ್ತದೆ. ಆದರೆ ಲೇಖಕಿ ಕೊಟ್ಟದ್ದು ಯಾವುದು, ನಾವು ತಂದದ್ದು ಯಾವುದು ಎಂದು ಬೇರೆ ಬೇರೆ ಇಟ್ಟುಕೊಳ್ಳದಿದ್ದರೆ ಎಲ್ಲವೂ ಎಲ್ಲದರ ಹಾಗೆ ಕಾಣತೊಡಗುತ್ತದೆ.

ಗುಂಪಿನಲ್ಲಿ ತೋಟದ ಕೂಲಿಯವರ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದ ಟೀಚರ್ ಒಬ್ಬರಿದ್ದಾರೆ. ಅಷ್ಟು ಹೊತ್ತೂ ಸುಮ್ಮನಿದ್ದವರು ಒಂದೇ ಪ್ರಶ್ನೆ ಕೇಳಿದರು. ಸಾಹುಕಾರರ ಮಗಳಿಗೆ ಅನ್ಯಾಯವಾಯಿತು ಸರಿ, ಕ್ರಿಸ್ಟೊಫೀನ್ ಆಮೇಲೆ ಏನಾದಳು? ಆಂಟೊನೆಟ್‌ಳ ಗಂಡನನ್ನು ಎದುರಿಸಿ ನಿಂತು, ಹಣದಲ್ಲಿ ಅರ್ಧ ಅವಳಿಗೆ ವಾಪಸು ಕೊಡು ಎಂದು ಕೇಳುವ ಧೈರ್ಯ ಇಡೀ ಕಾದಂಬರಿಯಲ್ಲಿ ಇರುವುದು ಆ ಕಪ್ಪು ಹೆಂಗಸಿಗೆ. ಪೊಲೀಸರನ್ನು ಕರೆಸುತ್ತೇನೆ ಎಂದು ಅವನು ಹೆದರಿಸುತ್ತಾನೆ. ಅವಳು ತಿರುಗಿ ನೋಡದೆ ನಡೆದು ಹೋಗುತ್ತಾಳೆ, ಕಥೆಯಿಂದಲೂ ಹೋಗುತ್ತಾಳೆ. 1985ರಲ್ಲಿ ಗಾಯತ್ರಿ ಚಕ್ರವರ್ತಿ ಸ್ಪಿವಾಕ್ ಬರೆದ ಪ್ರಬಂಧ ಇದೇ ಜಾಗಕ್ಕೆ ಕೈ ಹಾಕಿತು. ಬ್ರಾಂಟೆ ಬರ್ತಾಳನ್ನು ಬದಿಗೆ ಸರಿಸಿದಳು, ಬರ್ತಾಳಿಗೆ ಮಾತು ಕೊಟ್ಟ ರೀಸ್ ಕ್ರಿಸ್ಟೊಫೀನ್‌ಳನ್ನು ಬದಿಗೆ ಸರಿಸಿದಳು. ಟೀಚರ್ ಆ ಪ್ರಬಂಧ ಓದಿರಲಿಲ್ಲ. ಉತ್ತರವಾಗಿ ಬರೆದ ಪುಸ್ತಕದಲ್ಲೂ ಖಾಲಿ ಜಾಗ ಇರುತ್ತದೆ, ಅದಕ್ಕೆ ಇನ್ನೊಬ್ಬರು ಉತ್ತರ ಬರೆಯಬೇಕಾಗುತ್ತದೆ.

ಕತ್ತಲಾಗುವ ಹೊತ್ತಿಗೆ ಕೊನೆಯ ಪುಟಗಳಿಗೆ ಬಂದೆವು. ಎರಡು ಪುಸ್ತಕಗಳು ಇಲ್ಲಿ ಒಂದರೊಳಗೊಂದು ಹೊಕ್ಕುಬಿಡುತ್ತವೆ. ರೀಸ್‌ಳ ಆಂಟೊನೆಟ್‌ಗೆ ಒಂದು ಕನಸು ಬೀಳುತ್ತದೆ. ಮನೆಗೆ ಬೆಂಕಿ ಬಿದ್ದಿದೆ, ಅವಳು ಚಾವಣಿಯ ಮೇಲಿದ್ದಾಳೆ. ಕೆಳಗೆ ಕೂಲಿಬ್ರಿಯ ಕೊಳ, ಅಲ್ಲಿ ಬಾಲ್ಯದ ಗೆಳತಿ ಟಿಯಾ ಕೈಬೀಸಿ ಕರೆಯುತ್ತಿದ್ದಾಳೆ. ಹಿಂದಿನಿಂದ ಒಬ್ಬ ಗಂಡಸು ಬರ್ತಾ, ಬರ್ತಾ ಎಂದು ಕೂಗುತ್ತಾನೆ. ಅವಳು ಟಿಯಾ ಎಂದು ಕೂಗಿ ಹಾರುತ್ತಾಳೆ. ಎಚ್ಚರವಾಗುತ್ತದೆ. ಎದ್ದು, ಮೋಂಬತ್ತಿ ಹಿಡಿದು, ಗಾಳಿಗೆ ಆರದಂತೆ ಅಂಗೈ ಅಡ್ಡ ಇಟ್ಟುಕೊಂಡು ಕತ್ತಲ ಓಣಿಯಲ್ಲಿ ಹೊರಡುತ್ತಾಳೆ. ಪುಸ್ತಕ ಅಲ್ಲಿಗೆ ನಿಲ್ಲುತ್ತದೆ.

ಅವಳ ಸಾವು ಈ ಪುಸ್ತಕದಲ್ಲಿ ಇಲ್ಲ. ಅದು ಇರುವುದು ‘ಜೇನ್ ಐರ್’ನ ಮೂವತ್ತಾರನೇ ಅಧ್ಯಾಯದಲ್ಲಿ, ಹೊರಗೆ ನಿಂತು ನೋಡಿದ ಒಬ್ಬ ಹೋಟೆಲಿನವನ ಬಾಯಲ್ಲಿ. ಅವಳ ಉದ್ದ ಕಪ್ಪು ಕೂದಲು ಬೆಂಕಿಯ ಎದುರು ಹಾರಾಡುವುದನ್ನು ಕಂಡೆ ಎನ್ನುತ್ತಾನೆ. ರಾಚೆಸ್ಟರ್ ಅವಳನ್ನು ಉಳಿಸಲು ಚಾವಣಿ ಹತ್ತಿ “ಬರ್ತಾ!” ಎಂದು ಕೂಗಿದ್ದು ಕೇಳಿಸಿತು, ಹತ್ತಿರ ಹೋದ, ಅವಳು ಅರಚಿ ಹಾರಿಬಿಟ್ಟಳು. ಉಳಿಸಲು ಹೋದ ಗಂಡ, ಹುಚ್ಚಿಗೆ ಅದೂ ತಿಳಿಯಲಿಲ್ಲ ಎಂಬುದು ಅವನ ಕಥೆಯ ಧಾಟಿ.

ಗೆಳತಿ ಲ್ಯಾಂಪಿನ ಬೆಳಕಿನಲ್ಲಿ ಆ ಸಾಲನ್ನು ಇನ್ನೊಮ್ಮೆ ಗಟ್ಟಿಯಾಗಿ ಓದಿದಳು. ಆಮೇಲೆ ಪುಸ್ತಕ ಮುಚ್ಚದೆ ಕೇಳಿದಳು: “ಬರ್ತಾ ಅಂತ ಕರೆದ್ರೆ ಅವಳು ಯಾಕೆ ನಿಲ್ಬೇಕು?”